ಮುಂದಿನದು ಮೊದಲು

ಹದಿನೆಂಟು ದಿನದ ರಜೆ ಮುಗಿಸಿ ಕ್ಲಿನಿಕ್ಕಿಗೆ ಬಂದ ಬೆಳಿಗ್ಗೆ ಅಕ್ಕ ಮೊದಲು ಹೋದದ್ದು ಫ್ರಿಜ್ಜಿನ ಹತ್ತಿರ. ಬ್ಯಾಗು ಇನ್ನೂ ಹೆಗಲ ಮೇಲಿತ್ತು. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದ್ದರಿಂದ ಕಪ್ಪು ಕನ್ನಡಕ ಹಾಕಿದ್ದರು. ಅದನ್ನು ಹಣೆಗೆ ಏರಿಸಿ, ಬಾಗಿಲ ಮೇಲಿನ ಪುಟ್ಟ ಪರದೆಯನ್ನು ಓದಿದರು. ನಾಲ್ಕು ಪಾಯಿಂಟ್ ಎಂಟು. ನಿನ್ನೆ ಸಂಜೆಯಿಂದ ಈವರೆಗೆ ಅತಿ ಕಡಿಮೆ ಮೂರು ಪಾಯಿಂಟ್ ಒಂಬತ್ತು, ಅತಿ ಹೆಚ್ಚು ಐದು ಪಾಯಿಂಟ್ ಎರಡು. ಮೂರನ್ನೂ ಪುಸ್ತಕದಲ್ಲಿ ಬರೆದು, ಗಂಟೆ ಹಾಕಿ, ಸಹಿ ಮಾಡಿದ ಮೇಲೆಯೇ ಬ್ಯಾಗು ಕೆಳಗಿಟ್ಟರು.

ಹನ್ನೊಂದು ವರ್ಷದಿಂದ ದಿನಕ್ಕೆ ಎರಡು ಸಲ ಇದೇ ಕೆಲಸ. ಲಸಿಕೆಯ ಫ್ರಿಜ್ಜು ಎರಡು ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಎಂಟಕ್ಕಿಂತ ಮೇಲೆ ಹೋಗಬಾರದು. ಇದನ್ನು ಅವರು ಕಂಡಕಂಡವರಿಗೆಲ್ಲ ಹೇಳಿ ಹೇಳಿ, ಕ್ಲಿನಿಕ್ಕಿನಲ್ಲಿ ಅವರ ಹೆಸರೇ ಎರಡೆಂಟಕ್ಕ ಎಂದಾಗಿತ್ತು. ಮನೆಯಲ್ಲಿ ವಾಚು ರಿಪೇರಿ ಮಾಡುವ ಗಂಡ ಜ್ವರ ಬಂದು ಮಲಗಿದಾಗ, ತಮ್ಮ ಉಷ್ಣತೆಯನ್ನೂ ಬೆಳಿಗ್ಗೆ ಸಂಜೆ ಬರೆದಿಡುವ ಪುಣ್ಯಾತ್ಮರು ಯಾರಾದರೂ ಇದ್ದಾರೆಯೇ ಎಂದು ಗೋಡೆಗೆ ಕೇಳಿದ್ದರಂತೆ. ಈ ಹನ್ನೊಂದು ವರ್ಷದಲ್ಲಿ ಅಕ್ಕ ಮೂರು ದಿನಕ್ಕಿಂತ ಹೆಚ್ಚು ರಜೆ ತೆಗೆದುಕೊಂಡವರಲ್ಲ. ತಂಗಿಯ ಊರಿಗೆ ಹೋದರೂ ಮಾರನೆಯ ಬಸ್ಸಿಗೆ ವಾಪಸ್. ಅದು ಕೆಲಸದ ಮೇಲಿನ ಪ್ರೀತಿ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಪ್ರೀತಿಯೇನೂ ಅಲ್ಲ, ಬಿಟ್ಟು ಹೋಗಲು ಜನ ಇರಲಿಲ್ಲ, ಅಷ್ಟೆ. ಹಿಂದೆ ಒಬ್ಬಳ ಕೈಗೆ ಮೂರು ದಿನ ಕೊಟ್ಟು ಹೋಗಿದ್ದಾಗ ಅವಳು ಆರು ಸಲವೂ 'ನಾಲ್ಕು' ಎಂದು ಬರೆದಿದ್ದಳು. ಮೂರು ದಿನವೂ ಕರೆಂಟು ಹೋಗಿ ಬಂದು ಮಾಡಿತ್ತು ಎಂದು ಪಕ್ಕದ ಔಷಧಿ ಅಂಗಡಿಯವನು ಆಮೇಲೆ ಹೇಳಿದ್ದ.

ಈ ಸಲ ಕಣ್ಣು ರಜೆ ಹಾಕಿಸಿಯೇ ಬಿಟ್ಟಿತು. ಎರಡೂ ಕಣ್ಣಲ್ಲಿ ಪೊರೆ. ಸೀಸೆಯ ಮೇಲಿನ ಸಾಸಿವೆ ಕಾಳಿನಷ್ಟು ಅಕ್ಷರ ಓದಲು ಗಂಡನ ವಾಚಿನ ಭೂತಗನ್ನಡಿಯನ್ನು ಕ್ಲಿನಿಕ್ಕಿನಲ್ಲಿ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಒಂದು ವರ್ಷ ತಳ್ಳಿದ್ದರು. ಕೊನೆಗೆ ಮೂರನ್ನು ಎಂಟೆಂದು ಓದಿದ ದಿನ ತಾವಾಗಿಯೇ ಹೋಗಿ ಡಾಕ್ಟರಮ್ಮನಿಗೆ ಹೇಳಿದರು. ಮೊದಲು ಎಡಗಣ್ಣು, ಅದು ಸರಿಹೋದ ಮೇಲೆ ಬರುವ ತಿಂಗಳ ಆರಕ್ಕೆ ಬಲಗಣ್ಣು ಎಂದು ನಿರ್ಧಾರವಾಯಿತು. ಫ್ರಿಜ್ಜನ್ನು ಹೊಸಬಳ ಕೈಗೆ ಕೊಟ್ಟರು.

ಹೊಸಬಳು ಅಂದರೆ ಎಳೆಯಳೇನಲ್ಲ. ನಲವತ್ತೆರಡು ವರ್ಷ. ನರ್ಸಿಂಗ್ ಓದಿ, ನಾಲ್ಕು ವರ್ಷ ಕೆಲಸ ಮಾಡಿ, ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೆರಡು ವರ್ಷ ನೋಡಿಕೊಂಡು, ಅತ್ತೆ ಹೋದ ಮೇಲೆ ಮತ್ತೆ ಕೆಲಸಕ್ಕೆ ಬಂದವಳು. ಬಂದು ಐದು ತಿಂಗಳಾಗಿತ್ತು. ಅಲ್ಲಿಯವರೆಗೆ ಮುಂಬಾಗಿಲಲ್ಲಿ ರೋಗಿಗಳ ಚೀಟಿ ಬರೆಯುತ್ತಿದ್ದಳು.

ಅಕ್ಕ ಬಾಗಿಲು ತೆರೆದರು. ನಡುವಿನ ತಟ್ಟೆಯಲ್ಲಿ ಐದು ರೋಗಕ್ಕೆ ಒಂದೇ ಚುಚ್ಚುಮದ್ದಾಗಿ ಕೊಡುವ ಪೆಂಟಾ ಲಸಿಕೆಯ ಎರಡು ಸಾಲು. ಮುಂದಿನ ಸಾಲು ತಾವು ಬಿಟ್ಟುಹೋದ ಹಾಗೆಯೇ ಇತ್ತು, ಬೇಕೆಂದೇ ಯಾರೋ ಕಾವಲು ಕಾದ ಹಾಗೆ. ಹಿಂದಿನ ಸಾಲು ಅರ್ಧಕ್ಕಿಂತ ಹೆಚ್ಚು ಕರಗಿತ್ತು.

ಅವರು ಬಾಗಿಲು ಮುಚ್ಚಿದರು. ಫ್ರಿಜ್ಜು ತೆರೆದಿಟ್ಟುಕೊಂಡು ಯೋಚನೆ ಮಾಡಬಾರದು ಎಂಬುದು ಅವರದೇ ನಿಯಮ. ಸ್ಟೂಲಿನ ಮೇಲೆ ಕೂತು ದಾಸ್ತಾನು ಪುಸ್ತಕ ತೆಗೆದರು.

ಕ್ಲಿನಿಕ್ಕಿನಲ್ಲಿ ಮಂಗಳವಾರ, ಶುಕ್ರವಾರ ಲಸಿಕೆ. ಒಂದು ದಿನಕ್ಕೆ ಸರಾಸರಿ ಏಳು ಮಕ್ಕಳಿಗೆ ಪೆಂಟಾ, ಒಂದು ಮಗುವಿಗೆ ಒಂದು ಸೀಸೆ. ಅಕ್ಕ ರಜೆಗೆ ಹೋದಾಗ ಎರಡು ಬ್ಯಾಚು ಇದ್ದವು. ಒಂದರಲ್ಲಿ ಅರವತ್ತು ಸೀಸೆ, ಅವಧಿ ಮುಗಿಯಲು ಇನ್ನೂ ಎಂಟು ತಿಂಗಳು. ಇನ್ನೊಂದು ಆಮೇಲೆ ಬಂದದ್ದು, ನಲವತ್ತಾರು ಸೀಸೆ. ಆದರೆ ಅದರ ಅವಧಿ ಈ ತಿಂಗಳಿಗೇ ಮುಗಿಯುತ್ತಿತ್ತು. ಮೇಲೆ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಆಮೇಲೆ ಬಂದದ್ದಾದರೂ ಬೇಗ ಮುಗಿಯುವುದೇ ಮೊದಲು ಹೋಗಬೇಕು. ಹಾಗಾಗಿ ಅದನ್ನೇ ಅವರು ಮುಂದಿನ ಸಾಲಿನಲ್ಲಿ ಜೋಡಿಸಿದ್ದರು. ತಿಂಗಳು ಮುಗಿಯುವುದರೊಳಗೆ ಒಂಬತ್ತು ಲಸಿಕೆ ದಿನ, ಒಂಬತ್ತೇಳಲಿ ಅರವತ್ಮೂರು, ನಲವತ್ತಾರು ಸಲೀಸಾಗಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿಯೇ ಜಿಲ್ಲಾ ಉಗ್ರಾಣದಿಂದ ತೆಗೆದುಕೊಂಡಿದ್ದರು.

ಪುಸ್ತಕದಲ್ಲಿ ಅವರು ಇಲ್ಲದ ಐದು ಲಸಿಕೆ ದಿನಗಳೂ ಇದ್ದವು. ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ. ತಾರೀಖು, ಬ್ಯಾಚಿನ ಸಂಖ್ಯೆ, ಅವಧಿ, ಕೊಟ್ಟದ್ದು, ಉಳಿದದ್ದು. ಐದು ದಿನ, ಮೂವತ್ತೈದು ಸೀಸೆ. ಅಷ್ಟೂ ಎಂಟು ತಿಂಗಳ ಬ್ಯಾಚಿನಿಂದ. ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರನ್ನು ಅಕ್ಕ ನೋಡಿರಲಿಲ್ಲ.

ಇವತ್ತು ಇಪ್ಪತ್ತನೇ ತಾರೀಖು, ಶುಕ್ರವಾರ. ಇವತ್ತು ಸೇರಿಸಿ ಇನ್ನು ನಾಲ್ಕು ಲಸಿಕೆ ದಿನ, ಕೊನೆಯದು ಮೂವತ್ತೊಂದಕ್ಕೆ. ನಾಲ್ಕೇಳಲಿ ಇಪ್ಪತ್ತೆಂಟು. ನಲವತ್ತಾರರಲ್ಲಿ ಇಪ್ಪತ್ತೆಂಟು ಕಳೆದರೆ ಹದಿನೆಂಟು. ಹದಿನೆಂಟು ಮಕ್ಕಳ ಲಸಿಕೆ ಒಂದನೇ ತಾರೀಖಿಗೆ ಕಸ. ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಕಪ್ಪು ಕನ್ನಡಕ ಇಳಿಸಿಕೊಂಡು ಗೋಡೆಗೆ ಒರಗಿದರು.

ಹೊಸಬಳು ಒಂಬತ್ತಕ್ಕೆ ಬಂದಳು. ಅಕ್ಕನನ್ನು ನೋಡಿ ಕಣ್ಣು ಹೇಗಿದೆ, ಔಷಧಿಯ ಹನಿ ತಪ್ಪದೆ ಹಾಕುತ್ತಿದ್ದೀರಾ, ಅಡಿಗೆ ಯಾರು ಮಾಡುತ್ತಾರೆ ಎಂದೆಲ್ಲ ವಿಚಾರಿಸಿದಳು. ಅಕ್ಕ ಎಲ್ಲದಕ್ಕೂ ಚುಟುಕಾಗಿ ಉತ್ತರಿಸಿ, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದರು.

"ಮುಂದಿನ ಸಾಲು ಯಾಕಮ್ಮ ಮುಟ್ಟಿಲ್ಲ?"

"ನೀವೇ ಹಾಗೆ ಬರೆದಿಟ್ಟಿದ್ರಲ್ಲಕ್ಕ."

"ನಾನು ಬರೆದದ್ದು ಏನು, ನೀನು ಮಾಡಿದ್ದು ಏನು?"

ಹೊಸಬಳು ಫ್ರಿಜ್ಜಿನ ಪಕ್ಕದ ಗೋಡೆ ತೋರಿಸಿದಳು. ರಜೆಗೆ ಹೋಗುವ ಹಿಂದಿನ ಸಂಜೆ ಅಕ್ಕ ಅಂಟಿಸಿದ ಚೀಟಿ ಅಲ್ಲೇ ಇತ್ತು. ಮೊದಲು ಒಂದು ಪುಟ ಸೂಚನೆ ಬರೆಯಬೇಕೆಂದಿದ್ದರು. ಎರಡು ಸಾಲು ಬರೆಯುವಷ್ಟರಲ್ಲಿ ಅಕ್ಷರಗಳೆಲ್ಲ ಕಲಸಿಹೋಗಿ, ಕಣ್ಣಲ್ಲಿ ನೀರು ಬಂದು, ಆ ಪುಟ ಹರಿದು ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ನಾಲ್ಕೇ ಪದ ಬರೆದಿದ್ದರು: ಮುಂದಿನದು ಮೊದಲು, ಹಿಂದಿನದು ಆಮೇಲೆ.

"ಅದೇ ತಾನೆ? ಮುಂದೆ ಇರೋದು ಮೊದಲು ತೆಗಿ ಅಂತ."

"ನಾನು ತಾರೀಖು ಅಂದ್ಕೊಂಡೆ ಅಕ್ಕ. ಮುಂದಿನ ತಾರೀಖಿನದು ಮೊದಲು, ಹಿಂದಿನ ತಾರೀಖಿನದು ಆಮೇಲೆ." ಅವಳ ಧ್ವನಿ ಸಣ್ಣದಾಯಿತು. "ನಿಮ್ಮ ಇನ್ನೊಂದು ಕಣ್ಣಿನ ಆಪರೇಷನ್ ಯಾವಾಗ ಅಂದ್ರೆ ಮುಂದಿನ ತಿಂಗಳು ಅಂತೀರಿ. ಅಂದ್ರೆ ಆಮೇಲೆ ಬರೋದು ತಾನೆ?"

ಅಕ್ಕ ಚೀಟಿಯನ್ನು ಒಂದು ಸಲ ಅವಳ ಹಾಗೆ ಓದಿದರು. ಇನ್ನೊಂದು ಸಲ ತಮ್ಮ ಹಾಗೆ ಓದಿದರು. ಎರಡು ಸಲವೂ ಸರಿಯಾಗಿಯೇ ಇತ್ತು. ಮುಂದೆ ಅಂದರೆ ಕಣ್ಣೆದುರು, ಮುಂದೆ ಅಂದರೆ ಬರಲಿರುವ ದಿನ. ಹನ್ನೊಂದು ವರ್ಷ ತಟ್ಟೆಯನ್ನೇ ನೋಡಿದವರಿಗೆ ಒಂದೇ ಅರ್ಥ ಹೊಳೆದಿತ್ತು. ಹೊಸದಾಗಿ ತಾರೀಖು ಓದಲು ಕಲಿತವಳಿಗೆ ಇನ್ನೊಂದು.

ಹೊಸಬಳು ಮಿಕ್ಕದ್ದನ್ನೂ ಹೇಳಿಕೊಂಡಳು. ಅವಳಿಗೂ ಅನುಮಾನ ಬಂದಿತ್ತಂತೆ. ಆದರೆ ಅವಧಿ ಹತ್ತಿರವಿರುವ ಬ್ಯಾಚನ್ನು ಉಗ್ರಾಣಕ್ಕೆ ವಾಪಸ್ ಕಳಿಸಲು ಇಟ್ಟಿರಬೇಕು ಎಂದುಕೊಂಡಳು. ಆಪರೇಷನ್ ಆದ ಕಣ್ಣಿಗೆ ತೊಂದರೆ ಕೊಡಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಫೋನು ಮಾಡಲಿಲ್ಲ. ಮುಂದಿನ ಸಾಲು ಕೆಡದ ಹಾಗೆ ಅದರ ಮೇಲಿಂದ ಕೈ ಚಾಚಿ, ಬಗ್ಗಿ ಬಗ್ಗಿ ಹಿಂದಿನಿಂದ ತೆಗೆದು ಸೊಂಟ ಹಿಡಿದುಕೊಂಡಿತ್ತು.

"ತಪ್ಪು ಮಾಡೋಕೂ ಇಷ್ಟು ಕಷ್ಟಪಟ್ಟಿದ್ದೀಯಲ್ಲೇ ತಾಯಿ," ಎಂದರು ಅಕ್ಕ. ಹೊಸಬಳಿಗೆ ನಗು ಬರಲಿಲ್ಲ.

ವಿಷಯ ತಿಳಿದಾಗ ಡಾಕ್ಟರಮ್ಮನಿಗೂ ಬರಲಿಲ್ಲ. ಹಿಂದೊಮ್ಮೆ ಲಸಿಕೆ ಪೋಲಾದಾಗ ಉಗ್ರಾಣದವರು ಮೂರು ತಿಂಗಳು ಕಡಿಮೆ ಕಳಿಸಿದ್ದರು, ತಾಯಂದಿರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಬೇಕಾಗಿ ಬಂದಿತ್ತು. ಅವರದು ಬಿರುಸು ಸ್ವಭಾವವಲ್ಲ. ಆದರೆ ದಿನಕ್ಕೆ ಅರವತ್ತು ರೋಗಿಗಳನ್ನು ನೋಡುವವರಿಗೆ ಒಂದು ಮಾತು ಎರಡು ಸಲ ಯೋಚಿಸಲು ಪುರುಸೊತ್ತಿರುವುದಿಲ್ಲ. ದಾಸ್ತಾನು ಪುಸ್ತಕದ ಕಾರಣದ ಕಾಲಮ್ಮಿನಲ್ಲಿ 'ಸಿಬ್ಬಂದಿಯ ತಪ್ಪು' ಎಂದು ಬರೆಯಿರಿ, ಹೊಸಬಳು ಚೀಟಿ ಬರೆಯಲು ಮುಂಬಾಗಿಲಿಗೆ ವಾಪಸ್ ಹೋಗಲಿ, ಫ್ರಿಜ್ಜು ನೀವೇ ನೋಡಿಕೊಳ್ಳಿ ಎಂದರು.

ಹಾಗಾದರೆ ಆರನೇ ತಾರೀಖಿನ ಬಲಗಣ್ಣು ಎಂದು ಅಕ್ಕ ಕೇಳಿದರು.

"ಒಂದು ಕಣ್ಣು ಬಂತಲ್ಲ. ಇನ್ನೊಂದು ಸ್ವಲ್ಪ ಕಾಯಲಿ. ಬೇರೆ ಯಾರಾದರೂ ಸಿಗುವವರೆಗೆ."

ಯಾರಾದರೂ ಸಿಗುವವರೆಗೆ ಅಂದರೆ ಎಷ್ಟು ದಿನ ಎಂದು ಅಕ್ಕನಿಗೆ ಗೊತ್ತಿತ್ತು. ಹೊಸಬಳು ಸಿಗಲು ಹನ್ನೊಂದು ವರ್ಷ ಹಿಡಿದಿತ್ತು.

ಅವರು ಕೋಣೆಗೆ ಬಂದು ಉಷ್ಣತೆಯ ಪುಸ್ತಕ ತೆಗೆದು ಹದಿನೆಂಟು ದಿನವನ್ನೂ ಬೆರಳಿಟ್ಟು ಓದಿದರು. ಭಾನುವಾರವೂ ಬೆಳಿಗ್ಗೆ ಸಂಜೆ ಇತ್ತು. ಕ್ಲಿನಿಕ್ಕಿನ ಬೀಗ ತೆಗೆಯಲು ಎರಡು ಮೈಲಿ ನಡೆದು ಬರುತ್ತಿದ್ದಳೆಂದು ಆಮೇಲೆ ತಿಳಿಯಿತು. ಅಂಕಿಗಳೂ ನಿಜದ ಅಂಕಿಗಳೇ. ನಾಲ್ಕು ಪಾಯಿಂಟ್ ಒಂದು, ಐದು ಪಾಯಿಂಟ್ ಮೂರು, ಮೂರು ಪಾಯಿಂಟ್ ಎಂಟು. ಹನ್ನೊಂದನೇ ತಾರೀಖು ಸಂಜೆ ಐದೂವರೆಗೆ ಕೆಂಪು ಶಾಯಿಯಲ್ಲಿ ಎಂಟು ಪಾಯಿಂಟ್ ಆರು. ಪಕ್ಕದಲ್ಲಿ ಹೀಗೆ ಬರೆದಿದ್ದಳು: 'ಎರಡು ಗಂಟೆಯಿಂದ ಕರೆಂಟು ಇಲ್ಲ. ಬಾಗಿಲು ತೆರೆದಿಲ್ಲ. ಡಾಕ್ಟರಿಗೆ, ಉಗ್ರಾಣಕ್ಕೆ ತಿಳಿಸಿದೆ. 5.40ಕ್ಕೆ ಕರೆಂಟು ಬಂತು. 6.45ಕ್ಕೆ 6.9. ಎಲ್ಲ ಸೀಸೆಯ ಚೌಕ ನೋಡಿದೆ, ಬಣ್ಣ ತಿರುಗಿಲ್ಲ. ಬಳಸಬಹುದು ಎಂದು ಉಗ್ರಾಣದವರು ಹೇಳಿದರು.'

ಪ್ರತಿ ಸೀಸೆಯ ಮೇಲೆ ಒಂದು ಸಣ್ಣ ಕಪ್ಪು ವೃತ್ತ, ಅದರೊಳಗೆ ಬಿಳಿ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಬರುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಸೀಸೆ ಹೋಯಿತು. ಇದನ್ನು ಅಕ್ಕ ಅವಳಿಗೆ ಹೇಳಿಕೊಟ್ಟದ್ದು ಒಂದೇ ಸಲ, ಅದೂ ಅವಸರದಲ್ಲಿ. ಅವಳು ಎಂಬತ್ತಕ್ಕೂ ಹೆಚ್ಚು ಸೀಸೆಯನ್ನು ಒಂದೊಂದಾಗಿ ನೋಡಿದ್ದಳು.

ಅಕ್ಕ ಪುಸ್ತಕ ಮುಚ್ಚಿ ದೊಡ್ಡಾಸ್ಪತ್ರೆಗೆ ಫೋನು ಮಾಡಿದರು. ಅಲ್ಲಿ ದಿನವೂ ಲಸಿಕೆ, ದಿನಕ್ಕೆ ಇಪ್ಪತ್ತು ಪೆಂಟಾ ಖರ್ಚು. ಅಲ್ಲಿಯ ಲಸಿಕೆ ಗುಮಾಸ್ತನ ಜೊತೆ ಅವರದು ಎಂಟು ವರ್ಷದ ಫೋನಿನ ಪರಿಚಯ. ಮುಖ ನೋಡಿದ್ದು ಎರಡೇ ಸಲ.

ಏನ್ ಎರಡೆಂಟು, ಕಣ್ಣು ಬಂತಾ, ಇನ್ನು ನನ್ನ ಲೆಕ್ಕದ ತಪ್ಪೆಲ್ಲ ಕಾಣುತ್ತೆ ಹಾಗಾದ್ರೆ ಎಂದು ಅವನು ಶುರುಮಾಡಿದ. ಅಕ್ಕ ವಿಷಯ ಹೇಳಿದರು. ಹದಿನೆಂಟು ಸೀಸೆ, ಈ ತಿಂಗಳ ಕೊನೆಯ ಅವಧಿ. ಅವನ ನಗು ನಿಂತಿತು. ಅವಧಿ ಹತ್ತಿರವಾದ ಮಾಲು ಬೇರೆಯವರಿಂದ ತೆಗೆದುಕೊಂಡು ಹಿಂದೆ ಕೈ ಸುಟ್ಟುಕೊಂಡಿದ್ದಾನಂತೆ. ಸೀಸೆ ಬಂದ ದಿನದಿಂದ ಇವತ್ತಿನವರೆಗಿನ ಉಷ್ಣತೆಯ ಪುಟಗಳ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ ಎಂದ. ಉಗ್ರಾಣದ ಒಪ್ಪಿಗೆಯೂ ಬೇಕು ಎಂದ.

ಹೊಸಬಳು ಫೋಟೋ ತೆಗೆದಳು. ಕೆಂಪು ಶಾಯಿಯ ಪುಟ ಬಂದಾಗ ಅವಳ ಕೈ ನಿಂತಿತು. ಇದನ್ನೂ ಕಳಿಸಬೇಕೇ ಎಂದು ಕೇಳಲಿಲ್ಲ. ಮುಖ ಕೇಳಿತು. ಅಕ್ಕ ಅದನ್ನೇ ಮೊದಲು ಕಳಿಸು ಎಂದರು.

ಆ ಶುಕ್ರವಾರ ಏಳು ಮಕ್ಕಳು ಬಂದರು. ಮುಂದಿನ ಸಾಲಿನಿಂದ ಏಳು ಸೀಸೆ ಹೋಯಿತು, ಮೂವತ್ತೊಂಬತ್ತು ಉಳಿಯಿತು. ಗುಮಾಸ್ತನ ಫೋನು ಬಂದದ್ದು ಸಂಜೆಯ ಅಂಕಿ ಬರೆಯುವ ಹೊತ್ತಿಗೆ. ಉಗ್ರಾಣದವರು ಒಪ್ಪಿದ್ದಾರೆ, ನಾಳೆ ಬೆಳಿಗ್ಗೆ ತನ್ನಿ ಎಂದ. ಅಕ್ಕ ಫೋನನ್ನು ಹೊಸಬಳಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಆ ಎಂಟು ಪಾಯಿಂಟ್ ಆರು ಬರೆದವರು ಯಾರು?"

"ನಮ್ಮ ಹೊಸಬಳು."

"ಅದು ಇರ್ಲಿಲ್ಲ ಅಂದ್ರೆ ನಾನು ತಗೋತಾನೇ ಇರ್ಲಿಲ್ಲ. ಆವತ್ತು ಮಧ್ಯಾಹ್ನ ಇಡೀ ಊರಿಗೇ ಕರೆಂಟ್ ಇರ್ಲಿಲ್ಲ. ಬೇರೆ ಎರಡು ಕ್ಲಿನಿಕ್ಕಿನ ಪುಸ್ತಕ ನೋಡ್ದೆ, ಎರಡರಲ್ಲೂ ನಾಲ್ಕೇ ನಾಲ್ಕು. ಅವರ ಫ್ರಿಜ್ ಸೂರ್ಯನಿಗೂ ಹೆದರಲ್ಲ."

ಹೊಸಬಳು ಆವತ್ತು ಮೊದಲ ಸಲ ನಕ್ಕಳು, ತಲೆ ತಗ್ಗಿಸಿಕೊಂಡು.

ಶನಿವಾರ ಬೆಳಿಗ್ಗೆ ಇಬ್ಬರೂ ಸೇರಿ ತಂಪುಪೆಟ್ಟಿಗೆ ತುಂಬಿದರು. ಪೆಂಟಾ ಲಸಿಕೆಗೆ ಬಿಸಿಗಿಂತ ಹೆಪ್ಪುಗಟ್ಟುವುದೇ ದೊಡ್ಡ ಶತ್ರು, ಒಂದು ಸಲ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಅದು ಲಸಿಕೆಯಲ್ಲ. ಅದಕ್ಕೆ ಫ್ರೀಜರಿನ ಐಸಿನ ಪೊಟ್ಟಣಗಳನ್ನು ಹೊರಗಿಟ್ಟು, ಅವುಗಳ ಮೈಯೆಲ್ಲ ಬೆವರುವವರೆಗೆ ಕಾಯಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಹೊಸಬಳು ಒಂದೊಂದನ್ನೂ ಅಲ್ಲಾಡಿಸಿ ಕೇಳಿದಳು. ಒಂದನ್ನು ವಾಪಸ್ ಇಟ್ಟು, ಇನ್ನೂ ಐದು ನಿಮಿಷ ಎಂದಳು. ಅಕ್ಕನಿಗೆ ಕುಲುಕಿದ ಹಾಗೆಯೇ ಕೇಳಿತ್ತು. ಆದರೂ ಐದು ನಿಮಿಷ ಕಾದರು. ಹದಿನೆಂಟು ಸೀಸೆ, ಥರ್ಮಾಮೀಟರು, ಬ್ಯಾಚು ಅವಧಿ ಬರೆದ ರಸೀದಿ. ದೊಡ್ಡಾಸ್ಪತ್ರೆ ತಲುಪಿದಾಗ ಪೆಟ್ಟಿಗೆಯೊಳಗೆ ಐದು ಪಾಯಿಂಟ್ ಏಳು. ಗುಮಾಸ್ತ ಪ್ರತಿ ಚೌಕ ನೋಡಿ ಸಹಿ ಹಾಕಿದ.

ವಾಪಸ್ ಬಂದು ಅಕ್ಕ ಕಾರಣದ ಕಾಲಮ್ಮು ತುಂಬಿದರು. 'ಬೇಗ ಮುಗಿಯುವ ಬ್ಯಾಚು ಮೊದಲು ಹೋಗಲಿಲ್ಲ. ಸೂಚನೆಯ ಚೀಟಿಗೆ ಎರಡು ಅರ್ಥ ಬರುತ್ತಿತ್ತು. ಚೀಟಿ ಬರೆದವಳು ನಾನು.' ಕೆಳಗೆ ತಮ್ಮ ಪೂರ್ತಿ ಸಹಿ. ಡಾಕ್ಟರಮ್ಮ ಅದನ್ನು ಓದಿ, ಹೀಗೆ ಮೈಮೇಲೆ ಎಳೆದುಕೊಂಡು ಯಾರನ್ನು ಉದ್ಧಾರ ಮಾಡುತ್ತೀರಿ ಎಂದರು.

"ಉದ್ಧಾರ ಅಲ್ಲ ಡಾಕ್ಟರೇ. ಅವಳ ತಪ್ಪು ಅಂತ ಬರೆದ್ರೆ ಅವಳು ಹೋಗ್ತಾಳೆ, ಚೀಟಿ ಗೋಡೆ ಮೇಲೇ ಇರತ್ತೆ. ಬರೋಳು ಅದನ್ನೇ ಓದ್ತಾಳೆ."

ಡಾಕ್ಟರಮ್ಮ ಪೆನ್ನು ತಟ್ಟುತ್ತ ಕೂತರು. ತಿಂಗಳ ಕೊನೆಗೆ ಎಷ್ಟು ಪೋಲಾಗುತ್ತದೆ ನೋಡೋಣ, ರಜೆಯ ಮಾತು ಆಮೇಲೆ ಎಂದರು. ಹೊರಗೆ ಮಗುವೊಂದು ಅಳಲು ಶುರುಮಾಡಿತ್ತು.

ಹೊಸ ಚೀಟಿಯನ್ನು ಹೊಸಬಳ ಕೈಯಿಂದಲೇ ಬರೆಸಿದರು. ಅದರಲ್ಲಿ ಮುಂದೆ ಇಲ್ಲ, ಹಿಂದೆ ಇಲ್ಲ. 'ಅವಧಿ ಬೇಗ ಮುಗಿಯುವ ಸೀಸೆ ಮೊದಲು. ಚೌಕ ಕಪ್ಪಾಗುತ್ತಿರುವ ಸೀಸೆ ಇದ್ದರೆ, ಅವಧಿ ಯಾವುದಾದರೂ ಸರಿ, ಅದು ಎಲ್ಲಕ್ಕಿಂತ ಮೊದಲು.' ತಟ್ಟೆಯ ಸಾಲುಗಳಿಗೆ ಒಂದು, ಎರಡು ಎಂದು ಅಂಕಿ ಅಂಟಿಸಿದಳು. ಬರೆದದ್ದನ್ನು ಅಕ್ಕ ಚೀಟಿ ಬರೆಸಲು ಬಂದ ಮುದುಕರಿಗೆ, ಔಷಧಿ ಅಂಗಡಿಯವನಿಗೆ, ಕಸ ಗುಡಿಸುವವಳಿಗೆ ಓದಿಸಿ, ಏನು ಅರ್ಥವಾಯಿತು ಹೇಳಿ ಎಂದು ಕೇಳಿದರು. ಎಲ್ಲರಿಗೂ ಒಂದೇ ಅರ್ಥವಾಯಿತು. ಎರಡೆಂಟಕ್ಕನಿಗೆ ಕಣ್ಣಿನ ಜೊತೆ ಇನ್ನೇನೋ ಆಪರೇಷನ್ ಮಾಡಿದ್ದಾರೆ ಎಂದು ಅಂಗಡಿಯವನು ಆಡಿಕೊಂಡ.

ಇಪ್ಪತ್ತನಾಲ್ಕಕ್ಕೆ ಎಂಟು ಮಕ್ಕಳು ಬಂದರು. ಇಪ್ಪತ್ತೇಳಕ್ಕೆ ಆರು. ಮೂವತ್ತೊಂದರ ಬೆಳಿಗ್ಗೆ ಆ ಬ್ಯಾಚಿನಲ್ಲಿ ಏಳು ಸೀಸೆ ಇತ್ತು, ಸರಾಸರಿಯೂ ಏಳು. ಮಧ್ಯಾಹ್ನದ ಹೊತ್ತಿಗೆ ಐದು ಮಕ್ಕಳಾಗಿದ್ದವು. ಬರಬೇಕಿದ್ದ ಇಬ್ಬರ ಮನೆಗೆ ಹೊಸಬಳು ಫೋನು ಮಾಡಿದಳು. ಒಂದು ಮಗುವಿಗೆ ಜೋರು ಜ್ವರ, ಇನ್ನೊಂದು ಅಜ್ಜಿಯ ಊರಿಗೆ ಹೋಗಿತ್ತು. ನಾಲ್ಕು ಗಂಟೆಯವರೆಗೆ ಇಬ್ಬರೂ ಬಾಗಿಲು ನೋಡುತ್ತ ಕೂತರು. ಯಾರೂ ಬರಲಿಲ್ಲ.

ಐದಕ್ಕೆ ಅಕ್ಕ ಆ ಎರಡು ಸೀಸೆಗಳನ್ನು ಫ್ರಿಜ್ಜಿನಿಂದ ತೆಗೆದು, 'ಬಳಸಬಾರದು' ಎಂದು ಬರೆದ ಚೀಲಕ್ಕೆ ಹಾಕಿದರು. ಅಂಗೈಯಲ್ಲಿ ಇನ್ನೂ ತಣ್ಣಗಿದ್ದವು. ಅವುಗಳಲ್ಲಿ ಕೆಟ್ಟದ್ದೇನೂ ಕಾಣುತ್ತಿರಲಿಲ್ಲ, ಚೌಕ ಇನ್ನೂ ಬೆಳ್ಳಗೇ ಇತ್ತು. ಹೊಸಬಳು ದಾಸ್ತಾನು ಪುಸ್ತಕದಲ್ಲಿ ಬರೆದಳು: ಅವಧಿ ಮುಗಿದದ್ದು, ಎರಡು. ಉಳಿದದ್ದು, ಸೊನ್ನೆ.

ಡಾಕ್ಟರಮ್ಮ ಮನೆಗೆ ಹೊರಟವರು ಬಾಗಿಲಲ್ಲಿ ನಿಂತು ಪುಸ್ತಕ ನೋಡಿದರು. ಎರಡೇ ತಾನೆ ಎಂದರು. ಎರಡು ಮಕ್ಕಳದ್ದು ಎಂದರು ಅಕ್ಕ. ಡಾಕ್ಟರಮ್ಮ ಬ್ಯಾಗಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅಕ್ಕನ ರಜೆ ಅರ್ಜಿ, ಆರನೇ ತಾರೀಖಿನಿಂದ. ಸಹಿ ಆಗಿತ್ತು. ಸಹಿಯ ಮೇಲಿನ ತಾರೀಖು ಇಪ್ಪತ್ತೆಂಟು. ಮೂರು ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದ್ದರು.

ಅವರು ಹೋದ ಮೇಲೆ ಅಕ್ಕ ಕೊರಳಿನ ದಾರ ಬಿಚ್ಚಿ ಭೂತಗನ್ನಡಿಯನ್ನು ಹೊಸಬಳ ಮುಂದಿಟ್ಟರು. ನಲವತ್ತೆರಡನೇ ವಯಸ್ಸಿಗೆ ಸಣ್ಣ ಅಕ್ಷರ ದೂರ ಹಿಡಿಯುವುದು ಶುರುವಾಗಿರುತ್ತದೆ. ಅವಳು ಸೀಸೆಯನ್ನು ಮೊಳದ ದೂರ ಹಿಡಿದು ಓದುವುದನ್ನು ಅವರು ಈ ಹತ್ತು ದಿನ ನೋಡಿದ್ದರು.

"ಇದು ನಿಮ್ಮ ಮನೆಯವರದ್ದಲ್ವಾ ಅಕ್ಕ? ಕೇಳಿದ್ರೆ?"

"ಒಂದು ವರ್ಷದಿಂದ ಹುಡುಕ್ತಾ ಇದಾರೆ. ಇನ್ನೂ ಸ್ವಲ್ಪ ದಿನ ಹುಡುಕ್ಲಿ."

ಅಕ್ಕ ಸ್ಟೂಲಿನಿಂದ ಏಳಲಿಲ್ಲ. ಹೊಸಬಳು ಫ್ರಿಜ್ಜಿನ ಪರದೆಯ ಮುಂದೆ ನಿಂತು ಸಂಜೆಯ ಅಂಕಿ ಓದಿದಳು, ಜೋರಾಗಿ, ಯಾರೋ ಕೇಳುತ್ತಿದ್ದಾರೆ ಎಂಬಂತೆ. ಐದು ಪಾಯಿಂಟ್ ಒಂದು. ಕಡಿಮೆ ನಾಲ್ಕು. ಹೆಚ್ಚು ಆರು ಪಾಯಿಂಟ್ ಎರಡು, ಮಧ್ಯಾಹ್ನ ಬಾಗಿಲು ತುಂಬಾ ಸಲ ತೆಗೆದದ್ದಕ್ಕೆ. ಅಕ್ಕ ಎರಡೂ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಪೆನ್ನು ಕಾಗದದ ಮೇಲೆ ಓಡುವ ಸದ್ದು ಬಂತು. ಸಹಿಯ ಸದ್ದೂ ಬಂದ ಮೇಲೆ ಎದ್ದರು.